ಬೆಲ್ಲದ ಕಾಫಿ ಕುಡಿಯುವ ಮನೆಯಲ್ಲಿ ನಾಯಿಮರಿಗೆ ‘ಬೆಲ್ಲಾ’ ಎಂದು ಹೆಸರಿಡಬಹುದೇ?

ಪ್ರಶ್ನೆ: ನಮ್ಮದು ನಾಪೋಕ್ಲು ಸಮೀಪದ ಕಾಫಿ ತೋಟದ ಮನೆ. ಹತ್ತು ದಿನಗಳ ಹಿಂದೆ 9 ವಾರದ ಹೆಣ್ಣು ನಾಯಿಮರಿಯೊಂದನ್ನು ತಂದೆವು. ಅದೇ ವಾರ ಒಂದು ಬೆಕ್ಕಿನ ಮರಿಯೂ ಬಂತು. ನಾಯಿಮರಿಯನ್ನು ಮಗಳು ‘ಬೆಲ್ಲಾ’ ಎನ್ನುತ್ತಾಳೆ, 7 ವರ್ಷದ ಮಗ ‘ಜೋರೋ’ ಎನ್ನುತ್ತಾನೆ, ನಮ್ಮ ಯಜಮಾನರು ‘ಲಕ್ಕಿ’ ಎನ್ನುತ್ತಾರೆ, 76 ವರ್ಷದ ಅತ್ತೆ ‘ಪುಟ್ಟು’ ಎನ್ನುತ್ತಾರೆ. ಯಾರು ಕರೆದರೂ ಅದು ತಿರುಗಿ ನೋಡುವುದಿಲ್ಲ. ಮನೆಯಲ್ಲಿ ಮೊದಲಿನಿಂದಲೂ ‘ರಾಕಿ’ ಎಂಬ ನಾಯಿ ಇದೆ. ಬೆಕ್ಕಿನ ಮರಿಗೆ ‘ಮಿನ್ನಿ’ ಎಂದಿಟ್ಟಿದ್ದೇವೆ. ಎಲ್ಲರಿಗೂ ಕರೆಯಲು ಬರುವಂತಹ, ಪ್ರಾಣಿಗೂ ತಿಳಿಯುವಂತಹ ಹೆಸರನ್ನು ಹೇಗೆ ಆರಿಸಬೇಕು?

ಉತ್ತರ:

ಹತ್ತು ದಿನಗಳಲ್ಲಿ ನಾಲ್ಕು ಹೆಸರು ಕೇಳಿದ ಮರಿ ಒಂದಕ್ಕೂ ತಿರುಗದಿದ್ದರೆ ಅದು ಮಂದಬುದ್ಧಿಯದೆಂದು ತಿಳಿಯಬೇಕಾಗಿಲ್ಲ. ನಾಯಿಗೆ ‘ಇದು ನನ್ನ ಹೆಸರು’ ಎಂಬ ಕಲ್ಪನೆ ಹುಟ್ಟಿನಿಂದ ಇರುವುದಿಲ್ಲ. ಒಂದು ನಿರ್ದಿಷ್ಟ ಸದ್ದು ಕೇಳಿದ ಕೂಡಲೇ ತನಗೆ ಸಂಬಂಧಿಸಿದ ಏನೋ ಒಂದು, ಸಾಮಾನ್ಯವಾಗಿ ಒಳ್ಳೆಯದು, ನಡೆಯುತ್ತದೆ ಎಂಬುದನ್ನು ಅದು ಹತ್ತಾರು ಸಲದ ಅನುಭವದಿಂದ ಕಲಿಯುತ್ತದೆ. ನಿಮ್ಮ ಮನೆಯಲ್ಲಿ ಆ ಅನುಭವ ನಾಲ್ಕು ಸದ್ದುಗಳ ನಡುವೆ ಹಂಚಿಹೋಗಿದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ನಾಲ್ಕರಲ್ಲಿ ಮೂರು ಸದ್ದುಗಳು ಮರಿಗೆ ಸಂಬಂಧವೇ ಇಲ್ಲದ ಹೊತ್ತಿನಲ್ಲಿಯೂ ನಿಮ್ಮ ಮನೆಯೊಳಗೆ ದಿನವಿಡೀ ಕೇಳಿಬರುತ್ತಿರುತ್ತವೆ, ಉಳಿದ ಒಂದು ರಾಕಿಯ ಹೆಸರಿಗೆ ತೀರ ಹತ್ತಿರವಾಗಿದೆ. ಹೆಸರಿನ ಆಯ್ಕೆಯಲ್ಲಿ ಹೆಚ್ಚಿನವರು ಗಮನಿಸದಿರುವುದು ಇದನ್ನೇ ಆದ್ದರಿಂದ ಇಲ್ಲಿಂದಲೇ ಆರಂಭಿಸುತ್ತೇನೆ.

‘ಬೆಲ್ಲಾ’ ಎಂಬುದು ಹೊರದೇಶಗಳಲ್ಲಿ ಹೆಣ್ಣುನಾಯಿಗಳಿಗೆ ಬಹಳ ಜನಪ್ರಿಯವಾದ ಹೆಸರು. ಎರಡು ಅಕ್ಷರ, ತೆರೆದ ಸ್ವರದಲ್ಲಿ ಮುಗಿಯುತ್ತದೆ, ಎಲ್ಲ ರೀತಿಯಲ್ಲಿಯೂ ಒಳ್ಳೆಯ ಹೆಸರೇ. ಆದರೆ ಕೊಡಗಿನ ಮನೆಯಲ್ಲಿ ಬೆಳಗಿನ ಕಾಫಿಗೆ ಬೆಲ್ಲ ಹಾಕುವುದು ರೂಢಿ. ‘ಬೆಲ್ಲ ಎಲ್ಲಿ’, ‘ಬೆಲ್ಲ ಜಾಸ್ತಿ ಆಯಿತು’, ‘ಬೆಲ್ಲ ಮುಗಿಯಿತು’ ಎಂಬ ಮಾತುಗಳು ಅಡುಗೆಮನೆಯಲ್ಲಿ ಎಷ್ಟು ಸಲ ಬರುತ್ತವೆ ಎಂಬುದನ್ನು ಒಂದು ದಿನ ಎಣಿಸಿ ನೋಡಿ. ಮೊದಮೊದಲು ಮರಿ ಪ್ರತಿ ಸಲವೂ ಕತ್ತೆತ್ತಿ ನೋಡುತ್ತದೆ, ಏನೂ ಆಗುವುದಿಲ್ಲ. ಕೆಲವೇ ದಿನಗಳಲ್ಲಿ ಆ ಸದ್ದಿಗೆ ಅರ್ಥವಿಲ್ಲವೆಂದು ತೀರ್ಮಾನಿಸಿ ಸುಮ್ಮನಾಗುತ್ತದೆ. ಅನಂತರ ನಿಮ್ಮ ಮಗಳು ಎಷ್ಟೇ ಅಕ್ಕರೆಯಿಂದ ಕರೆದರೂ ಅದಕ್ಕೆ ಅದು ಕಾಫಿಯ ಮಾತೇ ಆಗಿರುತ್ತದೆ. ಅತ್ತೆಯವರ ‘ಪುಟ್ಟು’ ಕೇಳಲು ಎಷ್ಟು ಮುದ್ದಾಗಿದ್ದರೂ ಅದಕ್ಕೂ ಇದೇ ದೋಷವಿದೆ: ಕಡಂಬುಟ್ಟು, ನೂಪುಟ್ಟು, ಪಾಪುಟ್ಟುಗಳ ನಾಡಿನಲ್ಲಿ ಪುಟ್ಟು ಎಂದರೆ ತಿಂಡಿ, ಸಾಲದೆಂಬಂತೆ ಸಣ್ಣ ಮಕ್ಕಳನ್ನು ಕರೆಯುವ ಮಾತು ಕೂಡ. ‘ಜೋರೋ’ ಎನ್ನುವುದಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ಜೋರು ಮಳೆ’, ‘ಜೋರು ಗಾಳಿ’ ಎಂಬ ಮಾತುಗಳಲ್ಲಿ ಮುಳುಗಿಹೋಗುತ್ತದೆ.

ಮನುಷ್ಯರಾದ ನಮಗೆ ಬೆಲ್ಲಕ್ಕೂ ಬೆಲ್ಲಾಳಿಗೂ ಕೊನೆಯ ಸ್ವರದ ಉದ್ದದಲ್ಲಿ ವ್ಯತ್ಯಾಸ ತಿಳಿಯುತ್ತದೆ, ನಾಯಿಗೂ ತಿಳಿಯಬಾರದೇಕೆ ಎಂದು ನೀವು ಕೇಳಬಹುದು. ನಾಯಿಯ ಶ್ರವಣಶಕ್ತಿ ನಮ್ಮದಕ್ಕಿಂತ ಹೆಚ್ಚು. ನಾವು ಸುಮಾರು 20 ಕಿಲೋಹರ್ಟ್ಸ್‌ವರೆಗೆ ಕೇಳಿದರೆ ಅದು ಸುಮಾರು 45ರವರೆಗೆ ಕೇಳುತ್ತದೆ. ಆದರೆ ಸದ್ದನ್ನು ಕೇಳುವುದು ಬೇರೆ, ಮಾತಿನ ಸೂಕ್ಷ್ಮ ವ್ಯತ್ಯಾಸಕ್ಕೆ ಮಹತ್ವ ಕೊಡುವುದು ಬೇರೆ. ಹಂಗೆರಿಯ ಬುಡಾಪೆಸ್ಟಿನ ಸಂಶೋಧಕರು ನಾಯಿಗಳ ತಲೆಯ ಮೇಲೆ ವಿದ್ಯುದಗ್ರಗಳನ್ನಿಟ್ಟು ಮಿದುಳಿನ ಸ್ಪಂದನವನ್ನು ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇದು: ಗೊತ್ತಿರುವ ಆಜ್ಞೆಯ ಪದವನ್ನೂ ಅದಕ್ಕಿಂತ ತೀರ ಭಿನ್ನವಾದ ಅರ್ಥಹೀನ ಪದವನ್ನೂ ನಾಯಿಯ ಮಿದುಳು ಬೇರೆಯಾಗಿ ಗ್ರಹಿಸಿತು, ಆದರೆ ಒಂದೇ ಒಂದು ಧ್ವನಿಯನ್ನು ಬದಲಿಸಿದ ಅರ್ಥಹೀನ ಪದವನ್ನು ಗೊತ್ತಿರುವ ಪದದಿಂದ ಬೇರ್ಪಡಿಸಲಿಲ್ಲ. ಆದ್ದರಿಂದ ಒಂದು ಅಕ್ಷರದ ವ್ಯತ್ಯಾಸವನ್ನು ನಂಬಿ ನಾಯಿಗೆ ಹೆಸರಿಡಬಾರದು. ರಾಕಿ ಇರುವ ಮನೆಗೆ ‘ಲಕ್ಕಿ’ ಸಲ್ಲದು ಎನ್ನುವುದಕ್ಕೆ ಕಾರಣವೂ ಇದೇ. ನಿಮ್ಮ ಯಜಮಾನರು ಅಂಗಳದಲ್ಲಿ ನಿಂತು ‘ಲಕ್ಕೀ’ ಎಂದರೆ ಮೊದಲು ಓಡಿಬರುವುದು ರಾಕಿ. ತಿಂಡಿಯೂ ಮೈಸವರಿಕೆಯೂ ಅದಕ್ಕೇ ಸಿಗುತ್ತದೆ. ಮರಿಯ ಪಾಲಿಗೆ ಆ ಕೂಗು ‘ದೊಡ್ಡವನು ಓಡುವ ಹೊತ್ತು’ ಎಂಬ ಸೂಚನೆಯಷ್ಟೇ ಆಗಿ ಉಳಿಯುತ್ತದೆ.

ಹಾಗಾದರೆ ಹೆಸರು ಹೇಗಿರಬೇಕು? ಎರಡು ಅಕ್ಷರಗಳಿರಲಿ, ಮೂರಾದರೂ ಸಲ್ಲುತ್ತದೆ, ಆದರೆ ಮೂರಕ್ಷರದ ಹೆಸರನ್ನು ವಾರದೊಳಗೆ ಮನೆಯವರು ತಾವಾಗಿಯೇ ಎರಡಕ್ಕೆ ಇಳಿಸುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ. ನಡುವೆ ಅಥವಾ ಮೊದಲಿಗೆ ಕ, ಚ, ಟ, ಪ, ಬ, ಡಗಳಂತಹ ತಟ್ಟನೆ ಸಿಡಿಯುವ ವ್ಯಂಜನವೊಂದಿದ್ದರೆ ಸುತ್ತಲಿನ ಮಾತಿನಿಂದ ಹೆಸರು ಎದ್ದು ಕೇಳುತ್ತದೆ. ಕೊನೆಯಲ್ಲಿ ಎಳೆಯಬಹುದಾದ ಸ್ವರವಿರಬೇಕು; ಈ ವಿಷಯದಲ್ಲಿ ನಾವು ಪುಣ್ಯವಂತರು, ಏಕೆಂದರೆ ಕನ್ನಡದ ಪದಗಳು ಹೇಗೂ ಸ್ವರದಲ್ಲೇ ಮುಗಿಯುತ್ತವೆ. ಸ್ವರದಲ್ಲಿ ಮುಗಿಯದ ಪರಭಾಷೆಯ ಹೆಸರನ್ನಿಟ್ಟರೆ ಆಗುವುದೇನೆಂದರೆ, ಶಾಲೆಗೆ ಹೋಗುವ ಮಕ್ಕಳು ‘ಬ್ರೂಸ್’ ಎಂದರೆ ತಂದೆ ‘ಬ್ರೂಸು’ ಎನ್ನುತ್ತಾರೆ, ಅಜ್ಜಿ ‘ಬುರೂಸು’ ಎನ್ನುತ್ತಾರೆ. ಒಂದೇ ಹೆಸರಿಟ್ಟಿದ್ದೇವೆ ಎಂದು ಮನೆಯವರು ಭಾವಿಸಿರುತ್ತಾರೆ, ನಾಯಿ ಮೂರನ್ನು ಕೇಳುತ್ತಿರುತ್ತದೆ.

ಬೆಕ್ಕಿನ ಹೆಸರಿನಲ್ಲಿ ‘ಸ’ ಅಥವಾ ‘ಇ’ ಇರಲೇಬೇಕು, ಅದಕ್ಕೆ ತೀಕ್ಷ್ಣವಾದ ಸದ್ದು ಮಾತ್ರ ಕೇಳುತ್ತದೆ ಎಂಬ ಮಾತೊಂದು ಪ್ರಚಾರದಲ್ಲಿದೆ. ಬೆಕ್ಕು ನಾಯಿಗಿಂತಲೂ ಮೇಲಿನ ಶ್ರುತಿಯನ್ನು, ಸುಮಾರು 64 ಕಿಲೋಹರ್ಟ್ಸ್‌ವರೆಗೆ, ಕೇಳಬಲ್ಲದು ಎಂಬುದು ನಿಜ. ಅದರಿಂದಾಗಿ ನಮ್ಮ ಸಾಮಾನ್ಯ ಮಾತು ಅದಕ್ಕೆ ಕೇಳುವುದಿಲ್ಲವೆಂದಾಗುವುದಿಲ್ಲ. ಮನುಷ್ಯರ ಮಾತಿನ ಎಲ್ಲ ಅಕ್ಷರಗಳೂ ಎರಡೂ ಪ್ರಾಣಿಗಳ ಶ್ರವಣದ ಮಿತಿಯೊಳಗೇ ಇವೆ. ಹಾಗಾಗಿ ಅಕ್ಷರದ ಜಾತಕ ನೋಡುವುದಕ್ಕಿಂತ ಮನೆಯ ಬಾಯಿಗಳನ್ನು ನೋಡುವುದು ಹೆಚ್ಚು ಪ್ರಯೋಜನಕರ.

ನಿಮ್ಮಂತಹ ತೋಟದ ಮನೆಗಳಲ್ಲಿ ಆ ಬಾಯಿಗಳು ಬಗೆಬಗೆಯವು. ಮನೆಯೊಳಗೆ ಹಿರಿಯರ ಕೊಡವ ತಕ್ಕ್ ಅಥವಾ ಅರೆಭಾಷೆ, ಮಕ್ಕಳ ಕನ್ನಡ ಮತ್ತು ಶಾಲೆಯ ಇಂಗ್ಲಿಷ್, ಕೆಲಸದವರ ಮಲಯಾಳ, ತುಳು, ಯರವ ಮಾತು, ಇವೆಲ್ಲವೂ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ, ಮತ್ತು ನಾಯಿಗೆ ಅನ್ನ ಹಾಕುವವರು ಎಷ್ಟೋ ಸಲ ಮನೆಯವರಲ್ಲ, ಕೆಲಸದವರು. ಆದ್ದರಿಂದ ನಾನು ಹೇಳುವ ಪರೀಕ್ಷೆ ಹೀಗಿದೆ. ಮನಸ್ಸಿಗೆ ಬಂದ ಮೂರು ನಾಲ್ಕು ಹೆಸರುಗಳನ್ನು ಕಾಗದದಲ್ಲಿ ಬರೆಯಿರಿ. ಪ್ರಾಣಿಯನ್ನು ಕರೆಯಬೇಕಾದವರೆಲ್ಲರೂ, ಅತ್ತೆಯವರಿಂದ ಹಿಡಿದು ಕೆಲಸದವರವರೆಗೆ, ಕಾಫಿ ಒಣಗಿಸುವ ಕಣದ ಒಂದು ತುದಿಯಲ್ಲಿ ನಿಂತು ಒಬ್ಬೊಬ್ಬರಾಗಿ ಪ್ರತಿ ಹೆಸರನ್ನೂ ಎರಡು ರೀತಿಯಲ್ಲಿ ಹೇಳಲಿ: ಒಮ್ಮೆ ಪಕ್ಕದಲ್ಲಿರುವುದನ್ನು ಕರೆಯುವಂತೆ ಚುಟುಕಾಗಿ, ಒಮ್ಮೆ ತೋಟದಾಚೆಯಿಂದ ಕರೆಯುವಂತೆ ಎಳೆದು. ಇನ್ನೊಂದು ತುದಿಯಲ್ಲಿ ನಿಂತವರು ತಮಗೆ ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಳ್ಳಲಿ. ಎಲ್ಲರ ಬಾಯಲ್ಲಿಯೂ ಒಂದೇ ರೀತಿ ಬರೆಯಲು ಬಂದ ಹೆಸರೇ ಉಳಿಯತಕ್ಕದ್ದು. ಒಬ್ಬರಿಗೆ ಹೊರಳದ ಹೆಸರನ್ನು ಅವರಿಗೆ ಕಲಿಸಲು ಹೋಗಬೇಡಿ. ಹಲ್ಲು ಹೋದ ಹಿರಿಯರ ಬಾಯಿಯೂ ‘ರ’ ಇನ್ನೂ ತಿರುಗದ ಮಗುವಿನ ಬಾಯಿಯೂ ಈ ಆಯ್ಕೆಯಲ್ಲಿ ಕೊನೆಯ ತೀರ್ಪು ಕೊಡಲಿ.

ಬಾಯಿಗೆ ಬರುವುದಷ್ಟೇ ಸಾಲದು, ಮನಸ್ಸಿಗೂ ಒಗ್ಗಬೇಕು. ಅಜ್ಜನ ಹೆಸರು ಮೊಮ್ಮಗನಿಗೆ ಬರುವ ನಮ್ಮ ಕಡೆಯಲ್ಲಿ ಪೊನ್ನಪ್ಪ, ಮುತ್ತಮ್ಮ ಮುಂತಾದ ಹೆಸರುಗಳು ಪ್ರತಿ ಕುಟುಂಬದಲ್ಲಿಯೂ ಇರುತ್ತವೆ, ಅವುಗಳ ಮುದ್ದಿನ ರೂಪಗಳಾದ ಪೊನ್ನು, ಮುತ್ತು ಎರಡೂ ನಾಯಿಗೆ ಹೇಳಿಮಾಡಿಸಿದಂತೆ ಚಿಕ್ಕವು. ಆದರೂ ಬೇಡ. ಕೆಲಸದವರಲ್ಲಿ ಮುತ್ತಪ್ಪನ ಭಕ್ತರಿದ್ದರೆ ‘ಮುತ್ತು’ ಎಂದು ನಾಯಿಯನ್ನು ಗದರಿಸಲು ಅವರಿಗೆ ಸಂಕೋಚವಾಗುತ್ತದೆ, ಅವರು ಹೆಸರು ಹಿಡಿಯದೆ ‘ಏ’ ಎಂದಷ್ಟೇ ಕರೆಯಲು ತೊಡಗುತ್ತಾರೆ. ವರ್ಷಗಳ ಹಿಂದೆ ನಾನು ಲಸಿಕೆ ಹಾಕಲು ಹೋಗಿದ್ದ ತೋಟವೊಂದರಲ್ಲಿ, ಮಾಲೀಕರು ನಾಯಿಯನ್ನು ಹಿಡಿದು ತರಲು ಎರಡು ಮೂರು ಸಲ ಅದರ ಹೆಸರು ಕೂಗಿದಾಗ ಲೈನ್ ಮನೆಯಿಂದ ಒಬ್ಬ ಹುಡುಗ ಓಡಿಬಂದು ಎದುರಿಗೆ ನಿಂತ. ಅವನ ಮನೆಯವರು ಅವನನ್ನು ಕರೆಯುವ ಹೆಸರೂ ಅದೇ ಆಗಿತ್ತು. ಅವನ ತಾಯಿಯ ಮುಖ ನೋಡಿದವರಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಮೈಬಣ್ಣ ನೋಡಿ ‘ಕರಿಯ’ ಎಂದಿಡುವ ಹಳೆಯ ಅಭ್ಯಾಸವನ್ನು ನಾನು ಒಪ್ಪದಿರುವುದಕ್ಕೂ ಕಾರಣ ಇದೇ; ಆ ಕೂಗು ನಾಯಿಯ ಕಿವಿಗೆ ಮಾತ್ರ ಬೀಳುವುದಿಲ್ಲ.

ಇನ್ನು ನಿಮ್ಮ ಮನೆಗೆ ಬರೋಣ. ನಿಮ್ಮ ಪಟ್ಟಿಯ ನಾಲ್ಕೂ ಹೆಸರುಗಳು ಬಿದ್ದುಹೋದವು. ಮೊದಲು ನನಗೆ ಹೊಳೆದದ್ದು ‘ಬೊಟ್ಟು’. ಎರಡು ಸಿಡಿಯುವ ವ್ಯಂಜನಗಳಿವೆ, ಕನ್ನಡಕ್ಕೂ ಮಲಯಾಳಕ್ಕೂ ಹೊಂದುವ ಉಚ್ಚಾರಣೆ, ಎಳೆಯಲು ಸುಲಭ. ಆದರೆ ಅದನ್ನು ‘ಪುಟ್ಟು’ವಿನ ಪಕ್ಕದಲ್ಲಿಟ್ಟು ಹೇಳಿಕೊಂಡು ನೋಡಿ, ಅತ್ತೆಯವರ ಬಾಯಲ್ಲಿ ಎರಡೂ ಒಂದೇ ಆಗುತ್ತವೆ, ಜೊತೆಗೆ ಬಟ್ಟೆ, ಮೊಟ್ಟೆ, ಬಿಟ್ಟು ಎಂಬ ದಿನಬಳಕೆಯ ಪದಗಳ ಸಾಲೇ ಅದರ ಬೆನ್ನಿಗಿದೆ. ‘ಗೆಜ್ಜೆ’ ಇನ್ನೂ ಚೆನ್ನಾಗಿತ್ತು. ಮಕ್ಕಳು ದಿನವೂ ‘ಅಜ್ಜ’, ‘ಅಜ್ಜಿ’ ಎಂದು ಕೂಗುವ ಮನೆಯಲ್ಲಿ ಅದೂ ಕಲಸಿಹೋಗುತ್ತದೆ. ಕೊನೆಗೆ ನಾನು ಸೂಚಿಸುವುದು ‘ಮಿಂಚು’. ಮೊದಲಕ್ಷರ ಮೃದುವಾದರೂ ಎರಡನೆಯ ‘ಚು’ ಸ್ಪಷ್ಟವಾಗಿ ಕೇಳುತ್ತದೆ. ‘ಮಿಂಚೂ’ ಎಂದು ಎಷ್ಟು ಬೇಕಾದರೂ ಎಳೆಯಬಹುದು. ಹಲ್ಲಿಲ್ಲದ ಬಾಯಿಗೂ ಮಗುವಿನ ನಾಲಗೆಗೂ ಕಷ್ಟವಿಲ್ಲ. ರಾಕಿಯ ‘ಆ–ಇ’ ಸ್ವರಗಳಿಗೂ ಇದರ ‘ಇ–ಉ’ ಸ್ವರಗಳಿಗೂ ಗೊಂದಲವಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳನ್ನು ಬಿಟ್ಟರೆ ಮನೆಯೊಳಗೆ ಆ ಪದ ಹೆಚ್ಚಾಗಿ ಬರುವುದಿಲ್ಲ. ‘ಹಂಚು’, ‘ಮಂಚ’ ಎಂಬ ನೆರೆಯ ಪದಗಳಿವೆ ಎಂಬುದನ್ನು ಒಪ್ಪುತ್ತೇನೆ. ಯಾವ ಹೆಸರಿಗೂ ಸ್ವಲ್ಪವಾದರೂ ನೆಂಟಸ್ತಿಕೆ ಇರುತ್ತದೆ, ಬೆಲ್ಲದಷ್ಟು ದಿನನಿತ್ಯದ್ದಾಗಿರದಿದ್ದರೆ ಸಾಕು. ಆದರೆ ಇದನ್ನು ಆರಿಸಿದರೆ ಬೆಕ್ಕಿನ ಮರಿಯ ‘ಮಿನ್ನಿ’ಯನ್ನು ಬದಲಿಸಬೇಕಾಗುತ್ತದೆ, ಎರಡೂ ‘ಮಿ’ಯಿಂದಲೇ ಹೊರಡುತ್ತವೆ. ಅದಕ್ಕೆ ಜಾತ್ರೆಯ ಆಟಿಕೆಯ ನೆನಪಾಗುವ ‘ಪೀಪಿ’ ಎಂದಿಡಬಹುದು. ನಿಮ್ಮ ಮಗಳಿಗೆ ಇದು ಹಿಡಿಸದಿದ್ದರೆ ಕಣದ ಪರೀಕ್ಷೆಯಲ್ಲಿ ಗೆದ್ದ ಬೇರೆ ಹೆಸರನ್ನು ಅವಳೇ ಆರಿಸಲಿ.

ಹೆಸರು ನಿಶ್ಚಯವಾದ ದಿನದಿಂದ ಉಳಿದವುಗಳನ್ನು ಎಲ್ಲರೂ ಒಮ್ಮೆಗೇ ಬಿಡಬೇಕು. ಮರಿಗೆ ಹಳೆಯ ಹೆಸರು ಚೆನ್ನಾಗಿ ಗೊತ್ತಿದ್ದರೆ ಹೊಸದನ್ನು ಮೊದಲು ಹೇಳಿ, ಬೆನ್ನಿಗೇ ಹಳೆಯದನ್ನು ಹೇಳಿ, ಎರಡು ವಾರಗಳಲ್ಲಿ ಹಳೆಯದನ್ನು ಕೈಬಿಡುವ ಕ್ರಮವಿದೆ. ದೊಡ್ಡ ನಾಯಿಯನ್ನು ಬೇರೆಯವರಿಂದ ತಂದಾಗ ಹಾಗೆ ಮಾಡುತ್ತೇವೆ. ನಿಮ್ಮ ಮರಿಗೆ ಯಾವ ಹೆಸರೂ ಗೊತ್ತಾಗಿಲ್ಲವಾದ್ದರಿಂದ ಆ ಸುತ್ತುದಾರಿ ಬೇಕಾಗಿಲ್ಲ.

ಕಲಿಸುವ ಕ್ರಮ ಹೀಗೆ. ಬೇಯಿಸಿದ ಕೋಳಿಮಾಂಸವನ್ನೋ ಮೊಟ್ಟೆಯನ್ನೋ ಎರಡು ಕರಿಮೆಣಸಿನ ಕಾಳಿನಷ್ಟು ಚಿಕ್ಕದಾಗಿ ತುಂಡರಿಸಿಟ್ಟುಕೊಳ್ಳಿ. ಉಪ್ಪು, ಮಸಾಲೆ, ಈರುಳ್ಳಿ ಇರಕೂಡದು, ಪಂದಿ ಕರಿಯ ತುಂಡಂತೂ ಬೇಡವೇ ಬೇಡ. ರಾಕಿಯನ್ನು ಹೊರಗೆ ಬಿಟ್ಟು ಒಳಕೋಣೆಯಲ್ಲಿ ಮರಿಯ ಪಕ್ಕ ಎರಡು ಮೂರು ಅಡಿ ದೂರದಲ್ಲಿ ಕುಳಿತುಕೊಳ್ಳಿ. ಹರ್ಷದ ದನಿಯಲ್ಲಿ ‘ಮಿಂಚು’ ಎಂದು ಒಂದೇ ಸಲ ಹೇಳಿ, ಒಂದು ಸೆಕೆಂಡಿನೊಳಗೆ ತುಂಡನ್ನು ಬಾಯಿಗೆ ಕೊಡಿ. ಮರಿ ಆಗ ನಿಮ್ಮನ್ನು ನೋಡುತ್ತಿತ್ತೋ ಇಲ್ಲವೋ ಎಂಬುದು ಮೊದಲ ದಿನ ಮುಖ್ಯವಲ್ಲ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಪ್ರತಿ ಹೊತ್ತಿಗೂ ಎರಡು ಮೂರು ನಿಮಿಷ ಮೀರಬಾರದು, ಊಟವಾದ ಕೂಡಲೇ ಮಾಡಬಾರದು. ಎರಡನೆಯ ದಿನದಿಂದ ಅದು ಬೇರೆಡೆಗೆ ನೋಡುವ ಕ್ಷಣಕ್ಕಾಗಿ ಕಾದು ಹೆಸರು ಹೇಳಿ. ಕತ್ತು ನಿಮ್ಮತ್ತ ತಿರುಗಿದೊಡನೆ ‘ಹಾಂ’ ಎಂದು ತಿಂಡಿ ಕೊಡಿ. ಮಕ್ಕಳು, ಯಜಮಾನರು, ಅತ್ತೆ, ಅನ್ನ ಹಾಕುವ ಕೆಲಸದವರು, ಪ್ರತಿಯೊಬ್ಬರೂ ಕನಿಷ್ಠ ಎರಡು ಸರದಿಯನ್ನು ತಾವೇ ಮಾಡಬೇಕು. ಒಬ್ಬರೇ ಕಲಿಸಿದರೆ ಮರಿ ಹೆಸರಿನ ಜೊತೆಗೆ ಆ ಒಂದು ದನಿಯನ್ನೂ ಕಲಿತು, ಉಳಿದವರು ಕರೆದಾಗ ಅನುಮಾನಿಸುತ್ತದೆ.

ತಿರುಗದಿದ್ದರೆ ‘ಮಿಂಚು, ಮಿಂಚು, ಮಿಂಚು’ ಎಂದು ಜಪಿಸಬೇಡಿ. ಹಾಗೆ ಮಾಡಿದರೆ ಮೊದಲ ಎರಡು ಕರೆಗಳಿಗೆ ಓಗೊಡಬೇಕಾಗಿಲ್ಲವೆಂದು ಅದು ಕಲಿಯುತ್ತದೆ. ಕಾಲು ನಿಮಿಷ ಸುಮ್ಮನಿದ್ದು, ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ಮತ್ತೊಮ್ಮೆ ಹೇಳಿ. ಹತ್ತರಲ್ಲಿ ಎಂಟು ಸಲ ತಿರುಗುವಂತಾದ ಮೇಲೆ ಜಗಲಿಗೆ ಬನ್ನಿ, ಅಲ್ಲಿಯೂ ಎಂಟಾದ ಮೇಲೆ ಅಂಗಳಕ್ಕೆ, ಅನಂತರ ಹದಿನೈದು ಇಪ್ಪತ್ತು ಅಡಿಯ ಹಗುರವಾದ ಹಗ್ಗ ಕಟ್ಟಿ ತೋಟದ ದಾರಿಗೆ. ಮನೆಯೊಳಗೆ ಕಲಿತದ್ದನ್ನು ತೋಟದ ವಾಸನೆಗಳ ನಡುವೆ ಮರೆತಂತೆ ಕಂಡರೆ ಅದು ಮೊಂಡುತನವಲ್ಲ. ಒಂದು ಹಂತ ಹಿಂದಕ್ಕೆ ಬಂದರೆ ಸರಿಹೋಗುತ್ತದೆ.

ಹೆಸರಿಗೆ ‘ನನ್ನತ್ತ ನೋಡು’ ಎಂಬ ಅರ್ಥ ಮಾತ್ರ ಇರಲಿ. ‘ಹತ್ತಿರ ಬಾ’ ಎನ್ನಲು ಬೇರೆ ಪದ ಬೇಕು. ಅದಕ್ಕೆ ‘ಬಾ’ ಎಂಬುದೇ ಸಾಕು, ಮಲಯಾಳದಲ್ಲಿ ‘ವಾ’ ಎನ್ನುವವರೂ ತುಳುವಿನಲ್ಲಿ ‘ಬಲ’ ಎನ್ನುವವರೂ ನಾಯಿಯೊಡನೆ ಮಾತ್ರ ‘ಬಾ’ ಎನ್ನಲು ಒಪ್ಪಿಕೊಂಡರೆ. ಮೊದಲು ಹೆಸರು, ಮರಿ ನೋಡಿದ ಮೇಲೆ ‘ಬಾ’.

ಕಲಿತ ಹೆಸರನ್ನು ಕೆಡಿಸುವ ಸಂದರ್ಭಗಳು ನಮ್ಮ ಕಡೆ ಮಳೆಗಾಲದಲ್ಲಿ ಹೆಚ್ಚು. ತೋಟ ಸುತ್ತಿ ಬಂದ ನಾಯಿಯ ಮೂಗಿನಲ್ಲೋ ಬೆರಳಸಂದಿನಲ್ಲೋ ಜಿಗಣೆ ಕಚ್ಚಿಕೊಂಡಿರುತ್ತದೆ. ಮನೆಯವರು ಪ್ರೀತಿಯಿಂದ ಹೆಸರು ಹಿಡಿದು ಕರೆಯುತ್ತಾರೆ, ಅದು ಬರುತ್ತದೆ, ಒಬ್ಬರು ಕತ್ತು ಅದುಮಿ ಹಿಡಿದು ಇನ್ನೊಬ್ಬರು ಜಿಗಣೆಯ ಮೇಲೆ ಉಪ್ಪು ಹಾಕುತ್ತಾರೆ. ಉಣ್ಣಿ ಕೀಳುವುದು, ಕಿವಿಗೆ ಔಷಧ ಹಾಕುವುದು, ತಣ್ಣೀರಿನಲ್ಲಿ ಕೆಸರು ತೊಳೆಯುವುದು, ಎಲ್ಲಕ್ಕೂ ಇದೇ ಕ್ರಮ. ವಾರಕ್ಕೆ ನಾಲ್ಕು ಸಲ ಹೀಗಾದರೆ ಜುಲೈ ಮುಗಿಯುವ ಹೊತ್ತಿಗೆ ಹೆಸರು ಕೇಳಿದೊಡನೆ ನಾಯಿ ಕಿವಿಯನ್ನು ಹಿಂದಕ್ಕೆ ಒತ್ತಿ, ತುಟಿ ನೆಕ್ಕಿ, ಬಾಲ ತಗ್ಗಿಸಿ ದೂರ ನಿಲ್ಲುತ್ತದೆ. ಹೆಸರು ಕೆಟ್ಟಿದೆ ಎನ್ನಲು ಈ ಗುರುತುಗಳು ಸಾಕು. ಇಂತಹ ಕೆಲಸಗಳಿಗೆ ಹೆಸರು ಹಿಡಿಯದೆ ನೀವೇ ನಾಯಿಯಿದ್ದಲ್ಲಿಗೆ ನಡೆದುಹೋಗಿ. ಗದರಿಸುವಾಗಲೂ ಹೆಸರು ಬೇಡ, ‘ಬೇಡ’ ಎಂಬ ಪದವೊಂದೇ ಸಾಕು. ಸಂಜೆ ಚಿರತೆಯ ಭಯಕ್ಕೆ ನಾಯಿಯನ್ನು ಒಳಗೆ ಸೇರಿಸುವ ಮನೆಗಳಲ್ಲಿ ಇದು ಬರಿಯ ಶಿಷ್ಟಾಚಾರದ ಮಾತಲ್ಲ. ಒಂದೇ ಕರೆಗೆ ಬಾರದ ನಾಯಿ ಕತ್ತಲಲ್ಲಿ ಹೊರಗುಳಿಯುತ್ತದೆ.

ಕರೆಯುವ ದನಿಯ ಬಗ್ಗೆ ಒಂದು ಮಾತು. ಅಮೆರಿಕದ ಪ್ರಾಣಿವರ್ತನೆ ತಜ್ಞೆ ಪೆಟ್ರೀಷಿಯಾ ಮೆಕಾನೆಲ್ ಅವರು ಬೇರೆ ಬೇರೆ ಭಾಷೆಗಳ ಪ್ರಾಣಿಪಾಲಕರ ಕೂಗುಗಳನ್ನು ಹೋಲಿಸಿದಾಗ, ಪ್ರಾಣಿಯನ್ನು ಚುರುಕುಗೊಳಿಸಲು ಎಲ್ಲರೂ ಚುಟುಕಾದ, ಮರುಕಳಿಸುವ ಸದ್ದುಗಳನ್ನೂ ನಿಧಾನಗೊಳಿಸಲು ಅಥವಾ ತಡೆಯಲು ಎಳೆದ ಒಂಟಿ ಸದ್ದನ್ನೂ ಬಳಸುವುದು ಕಂಡುಬಂತು. ಹಾಗಾಗಿ ಮನೆಯೊಳಗೆ ‘ಮಿಂಚು’ ಎಂದು ಚುಟುಕಾಗಿ, ಮೇಲೇರುವ ದನಿಯಲ್ಲಿ ಕರೆಯಿರಿ. ಆದರೆ ತೋಟದಾಚೆಗೆ ಚುಟುಕು ಕರೆ ಮುಟ್ಟುವುದಿಲ್ಲ, ಎಳೆಯಲೇಬೇಕು. ಎಳೆದದ್ದು ಮರಿಯ ಕಿವಿಗೆ ಬೇರೆಯೇ ಸದ್ದು. ಅದನ್ನು ಪ್ರತ್ಯೇಕವಾಗಿ, ಮೊದಲ ದಿನದ ಪಾಠದಂತೆಯೇ, ಕೋಣೆಯೊಳಗಿಂದ ಆರಂಭಿಸಿ ಕಲಿಸಬೇಕು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ನಡೆದ ಅಧ್ಯಯನವೊಂದು ಹಿನ್ನೆಲೆಯ ಮಾತಿನ ಗದ್ದಲ ಹೆಸರಿನಷ್ಟೇ ಜೋರಾಗಿದ್ದಾಗಲೂ ನಾಯಿಗಳು ತಮ್ಮ ಹೆಸರನ್ನು ಗುರುತಿಸುತ್ತವೆಂದು ತೋರಿಸಿತು. ನೆಂಟರು ತುಂಬಿದ ಮನೆಯಲ್ಲಿ ಕರೆಯಲು ಇದು ಭರವಸೆ ಕೊಡುತ್ತದೆ, ತಗಡಿನ ಮಾಡಿನ ಮೇಲೆ ಸುರಿಯುವ ಜುಲೈ ಮಳೆಯ ಸದ್ದಿಗೆ ಅಲ್ಲ. ಅಂತಹ ಹೊತ್ತಿನಲ್ಲಿ ಕೂಗಿ ಗಂಟಲು ಹರಿದುಕೊಳ್ಳುವುದಕ್ಕಿಂತ ಒಂದು ಸೀಟಿಯನ್ನು ಇದೇ ವಿಧಾನದಲ್ಲಿ ಕಲಿಸಿಡುವುದು ಲೇಸು.

ಬೆಕ್ಕಿನ ಮರಿಗೆ ಕಲಿಸುವ ಕ್ರಮ ಬಹುಮಟ್ಟಿಗೆ ಇದೇ, ಹತ್ತರ ಬದಲು ಐದು ಸಲ ಸಾಕು, ಹಸಿದಿರುವಾಗ ಮಾತ್ರ ಮಾಡಬೇಕು. ಬೇರೆಯಾಗಿರುವುದು ಅದರ ಉತ್ತರ ಕೊಡುವ ರೀತಿ. ಜಪಾನಿನ ಸಂಶೋಧಕಿ ಅಟ್ಸುಕೊ ಸೈಟೊ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾಕುಬೆಕ್ಕುಗಳಿಗೆ ಅವುಗಳ ಹೆಸರಿನಷ್ಟೇ ಉದ್ದದ ನಾಲ್ಕು ಪದಗಳನ್ನು ಒಂದಾದ ಮೇಲೊಂದರಂತೆ ಕೇಳಿಸಿ, ಅವುಗಳ ಆಸಕ್ತಿ ಇಳಿಯುತ್ತ ಬಂದಾಗ ಐದನೆಯದಾಗಿ ಹೆಸರನ್ನು ಕೇಳಿಸಿದರು. ಹೆಸರು ಬಂದಾಗ ಬೆಕ್ಕುಗಳ ಕಿವಿಯೋ ತಲೆಯೋ ಮತ್ತೆ ಚುರುಕಾಗಿ ಹೊರಳಿತು. ಎದ್ದು ಬಂದವು ಬಹಳ ಕಡಿಮೆ. ಅನೇಕ ಬೆಕ್ಕುಗಳಿರುವ ಕೆಫೆಯಲ್ಲಿ ಮಾತ್ರ ಅವು ತಮ್ಮ ಹೆಸರನ್ನೂ ಜೊತೆಗಿರುವ ಬೆಕ್ಕುಗಳ ಹೆಸರನ್ನೂ ಬೇರ್ಪಡಿಸಲಿಲ್ಲ. ಪೀಪಿ ಎದ್ದು ಬರಲಿಲ್ಲವೆಂದ ಮಾತ್ರಕ್ಕೆ ಹೆಸರು ತಿಳಿದಿಲ್ಲವೆಂದು ಹೇಳಲಾಗದು, ಅದರ ಕಿವಿಯನ್ನು ನೋಡಬೇಕು.

ಈ ಪ್ರಯೋಗವನ್ನೇ ನೀವು ಮನೆಯಲ್ಲಿ ಎರಡಕ್ಕೂ ಮಾಡಬಹುದು. ಎರಡು ವಾರದ ಪಾಠವಾದ ಮೇಲೆ, ಪ್ರಾಣಿ ಸುಮ್ಮನೆ ಕುಳಿತಿರುವಾಗ ಅದರ ಹಿಂದೆ ಕುಳಿತು, ದನಿ ಬದಲಿಸದೆ, ಕಾಲು ನಿಮಿಷದ ಅಂತರದಲ್ಲಿ ‘ಗೋಡೆ’, ‘ಕಂಬ’, ‘ಬಾಳೆ’, ‘ಸೊಪ್ಪು’ ಎಂದು ಹೇಳಿ, ಐದನೆಯದಾಗಿ ಹೆಸರು ಹೇಳಿ. ‘ಗೋಡೆ’ಗೂ ಹೆಸರಿಗೂ ಒಂದೇ ಉತ್ಸಾಹದಿಂದ ತಿರುಗಿದರೆ ಅದು ನಿಮ್ಮ ದನಿಗೆ ತಿರುಗುತ್ತಿದೆ, ಹೆಸರಿಗಲ್ಲ, ಪಾಠವನ್ನು ಇನ್ನೊಂದು ವಾರ ಮುಂದುವರಿಸಿ. ‘ಸೊಪ್ಪು’ ಬರುವಷ್ಟರಲ್ಲಿ ಬೇಸತ್ತು ಹೆಸರಿಗೆ ಮಾತ್ರ ಕಿವಿ ನಿಮಿರಿದರೆ ಕಲಿತಿದೆ.

ಐದಕ್ಕೂ ಅಲುಗಾಡದಿದ್ದರೆ ಆಗ ಕಿವಿಯ ಬಗ್ಗೆ ಯೋಚಿಸಬೇಕು. ಮರಿ ಬೇರೆಡೆ ನೋಡುತ್ತಿರುವಾಗ, ನೆಲದ ಕಂಪನವಾಗಲಿ ಗಾಳಿಯಾಗಲಿ ನೆರಳಾಗಲಿ ತಾಗದಂತೆ ಬಾಗಿಲ ಮರೆಯಲ್ಲಿ ನಿಂತು ಬೀಗದ ಕೈಗೊಂಚಲನ್ನು ಅಲ್ಲಾಡಿಸಿ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೀಗೆ ಮಾಡಿದರೂ ಕಿವಿ ಹೊರಳದಿದ್ದರೆ ಪಶುವೈದ್ಯರಿಗೆ ತೋರಿಸಿ. ಬೆಕ್ಕಿನ ಮರಿ ಪೂರ್ತಿ ಬಿಳಿಯದಾಗಿದ್ದು ಕಣ್ಣು ನೀಲಿಯಾಗಿದ್ದರೆ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು. ನಾಯಿಗಳಲ್ಲಿ ಡಾಲ್ಮೇಷಿಯನ್ ತಳಿಗೆ ಅದು ಹೆಸರುವಾಸಿ. ತಲೆ ಕೊಡವುವುದು, ಕಿವಿ ಕೆರೆದುಕೊಳ್ಳುವುದು, ಕಿವಿಯೊಳಗೆ ಕಾಫಿಪುಡಿಯಂತಹ ಕಪ್ಪು ಕೊಳೆ ಕಂಡರೆ ಅದು ಹೆಚ್ಚಾಗಿ ಕಿವಿಯ ನುಸಿ, ಚಿಕಿತ್ಸೆಯಿಂದ ವಾಸಿಯಾಗುತ್ತದೆ. ನಿಜವಾಗಿ ಕಿವುಡಾಗಿರುವ ಮರಿಗೂ ಹೆಸರಿಡಬಹುದು, ಆದರೆ ಅದು ಬಾಯಿಯ ಹೆಸರಲ್ಲ. ತಿಂಡಿಯ ಜೊತೆಗೆ ಅದೇ ಹತ್ತು ಸಲದ ಪಾಠವನ್ನು ಕೈಸನ್ನೆಯೊಂದಕ್ಕೆ ಮಾಡಬೇಕು, ಮತ್ತು ಆ ಸನ್ನೆಯೂ ಅತ್ತೆಯವರಿಂದ ಹಿಡಿದು ಮಗನವರೆಗೆ ಎಲ್ಲರ ಕೈಯಲ್ಲಿ ಒಂದೇ ರೀತಿ ಇರಬೇಕು.